ಎದ್ದು ನಿಂತಾಗ ಕಣ್ಣಿಗೆ ಕತ್ತಲೆ: ಅದು ಯಾವ ಹೊತ್ತಿಗೆ ಬರುತ್ತದೆ ಎಂಬುದನ್ನು ಗಮನಿಸಿ

ಪ್ರಶ್ನೆ: ನನಗೆ 27 ವರ್ಷ. ಸೋಫಾದಿಂದ ಥಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತದೆ, ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ. ಬಿಪಿ ನೋಡಿದರೆ ಯಾವಾಗಲೂ 110/70. ನಮ್ಮ ತಂದೆಗೆ 68 ವರ್ಷ, 20 ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಪ್ರಾಸ್ಟೇಟ್‌ಗೆ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುತ್ತಾರೆ. ಅವರಿಗೆ ಎದ್ದ ಕೂಡಲೇ ಏನೂ ಆಗುವುದಿಲ್ಲ. ಬೆಳಿಗ್ಗೆ ದೇವರ ಮುಂದೆ ಎರಡು ಮೂರು ನಿಮಿಷ ನಿಂತ ಮೇಲೆ ತಲೆ ತೂರಾಡಿದಂತಾಗಿ ಕುಳಿತುಬಿಡುತ್ತಾರೆ. ಮನೆಯ ಯಂತ್ರದಲ್ಲಿ ಅವರ ಬಿಪಿ ಮಲಗಿದ್ದಾಗ 150/84, ನಾಡಿ 74. ನಿಂತು ಒಂದು ನಿಮಿಷಕ್ಕೆ 128/76, ನಾಡಿ 77. ಮೂರು ನಿಮಿಷಕ್ಕೆ 114/70, ನಾಡಿ 79. ಇಬ್ಬರದೂ ಒಂದೇ ತೊಂದರೆಯೇ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಅಲ್ಲ. ನಿಮ್ಮಲ್ಲಿ ರಕ್ತದೊತ್ತಡವನ್ನು ಕಾಯುವ ವ್ಯವಸ್ಥೆ ಬಹುಮಟ್ಟಿಗೆ ಸರಿಯಾಗಿಯೇ ಇದೆ. ಅದು ಪೂರ್ತಿಯಾಗಿ ಕೆಲಸಕ್ಕೆ ತೊಡಗಲು ತೆಗೆದುಕೊಳ್ಳುವ ಕೆಲವು ಸೆಕೆಂಡುಗಳ ಅಂತರದಲ್ಲಿ ನಿಮಗೆ ಕತ್ತಲೆ ಕಟ್ಟುತ್ತಿದೆ. ತಂದೆಯವರ ಅಂಕಿಗಳಲ್ಲಾದರೋ ಆ ವ್ಯವಸ್ಥೆಯ ನರಗಳೇ ದುರ್ಬಲವಾಗಿರುವ ಸೂಚನೆ ಕಾಣುತ್ತದೆ. ಹೀಗೆ ಹೇಳಲು ಕಾರಣವೇನೆಂಬುದು ತಿಳಿಯಬೇಕಾದರೆ, ಎದ್ದು ನಿಂತ ಮೊದಲ ಅರ್ಧ ನಿಮಿಷದಲ್ಲಿ ದೇಹದೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮಲಗಿದ್ದವರು ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕ ರಕ್ತ ಎದೆಯ ಭಾಗದಿಂದ ಕೆಳಗಿಳಿದು ಹೊಟ್ಟೆಯ ಮತ್ತು ಕಾಲುಗಳ ಅಭಿಧಮನಿಗಳಲ್ಲಿ ತಂಗುತ್ತದೆ. ಅಭಿಧಮನಿಗಳ ಗೋಡೆ ತೆಳುವಾಗಿದ್ದು ಸುಲಭವಾಗಿ ಹಿಗ್ಗುವುದರಿಂದ ಅಷ್ಟು ರಕ್ತಕ್ಕೆ ಅಲ್ಲಿ ಜಾಗ ಸಿಗುತ್ತದೆ. ಹೃದಯಕ್ಕೆ ಮರಳಿ ಬರುವ ರಕ್ತ ಕಡಿಮೆಯಾದರೆ ಪ್ರತಿ ಬಡಿತದಲ್ಲಿ ಅದು ಹೊರಗೆ ತಳ್ಳುವ ರಕ್ತವೂ ಕಡಿಮೆಯಾಗುತ್ತದೆ, ಅದರ ಹಿಂದೆಯೇ ಅಪಧಮನಿಗಳಲ್ಲಿನ ಒತ್ತಡ ಇಳಿಯುತ್ತದೆ.

ಈ ಇಳಿತವನ್ನು ಮೊದಲು ಗುರುತಿಸುವುದು ಬ್ಯಾರೋರಿಸೆಪ್ಟರ್‌ಗಳೆಂಬ ನರತುದಿಗಳು. ಕುತ್ತಿಗೆಯ ಎರಡೂ ಬದಿಯಲ್ಲಿ ಕ್ಯಾರೋಟಿಡ್ ಅಪಧಮನಿ ಎರಡು ಕವಲಾಗಿ ಒಡೆಯುವ ಜಾಗದಲ್ಲಿರುವ ಸಣ್ಣ ಉಬ್ಬು, ಅಂದರೆ ಕ್ಯಾರೋಟಿಡ್ ಸೈನಸ್, ಇವುಗಳ ಒಂದು ನೆಲೆ. ಹೃದಯದಿಂದ ಹೊರಟ ಮಹಾಪಧಮನಿ ಬಾಗುವ ಕಮಾನು ಇನ್ನೊಂದು ನೆಲೆ. ಹೆಸರು ಒತ್ತಡಕ್ಕೆ ಸಂಬಂಧಿಸಿದ್ದರೂ ಈ ತುದಿಗಳು ವಾಸ್ತವದಲ್ಲಿ ಗ್ರಹಿಸುವುದು ರಕ್ತನಾಳದ ಗೋಡೆ ಎಷ್ಟು ಹಿಗ್ಗಿತು ಎಂಬುದನ್ನು. ಪ್ರತಿ ಬಡಿತದಲ್ಲೂ ಗೋಡೆ ಹಿಗ್ಗಿದಾಗ ಅವು ಮೆದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗಕ್ಕೆ ಸಂಕೇತಗಳನ್ನು ಕಳುಹಿಸುತ್ತಿರುತ್ತವೆ. ಈ ಸಂಕೇತಗಳು ಹೃದಯವನ್ನೂ ರಕ್ತನಾಳಗಳನ್ನೂ ಹಿಡಿತದಲ್ಲಿಡುತ್ತವೆ ಎಂಬುದನ್ನು ಗಮನಿಸಬೇಕು. ಸಂಕೇತ ಹೆಚ್ಚಾದರೆ ಹೃದಯದ ವೇಗ ತಗ್ಗುತ್ತದೆ, ರಕ್ತನಾಳಗಳು ಸಡಿಲಗೊಳ್ಳುತ್ತವೆ. ಸಂಕೇತ ಕಡಿಮೆಯಾದರೆ ಹಿಡಿತ ಸಡಿಲವಾಗಿ ಹೃದಯ ಚುರುಕಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಎದ್ದು ನಿಂತಾಗ ನಡೆಯುವುದು ಈ ಎರಡನೆಯದು.

ಕ್ಯಾರೋಟಿಡ್ ಸೈನಸ್ ಕುತ್ತಿಗೆಯಲ್ಲಿರುವುದರಿಂದ ನಮಗೆ ಒಂದು ವಿಶೇಷ ಅನುಕೂಲವಿದೆ. ನಿಂತಾಗ ಅದು ಹೃದಯಕ್ಕಿಂತ ಸುಮಾರು 25 ಸೆಂಟಿಮೀಟರ್ ಮೇಲಿರುತ್ತದೆ. ರಕ್ತವನ್ನು ಸುಮಾರು 13 ಸೆಂಟಿಮೀಟರ್ ಮೇಲೇರಿಸಲು ಬಿಪಿ ಲೆಕ್ಕದ 10 ಅಂಕಿಗಳು ಖರ್ಚಾಗುವುದರಿಂದ, ಹೃದಯದ ಮಟ್ಟದಲ್ಲಿ ಒತ್ತಡ ಸ್ವಲ್ಪವೂ ಇಳಿಯದಿದ್ದರೂ ಕುತ್ತಿಗೆಯಲ್ಲಿ ಅದು 20ರಷ್ಟು ಕಡಿಮೆ ಇರುತ್ತದೆ. ಹಾಗಾಗಿ ಮೆದುಳಿಗೆ ಹೋಗುವ ರಕ್ತದ ಒತ್ತಡ ಇಳಿದದ್ದು ಮೆದುಳಿನ ಬಾಗಿಲಲ್ಲೇ ಗೊತ್ತಾಗುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಬ್ಯಾರೋರಿಸೆಪ್ಟರ್‌ಗಳ ಸಂಕೇತ ತಗ್ಗಿದಾಗ ದೇಹ ಎರಡು ದಾರಿಗಳಲ್ಲಿ ಪ್ರತಿಕ್ರಿಯಿಸುತ್ತದೆ, ಆದರೆ ಎರಡಕ್ಕೂ ಒಂದೇ ವೇಗವಿಲ್ಲ. ಹೃದಯದ ಬಡಿತವನ್ನು ತಗ್ಗಿಸಿಟ್ಟಿರುವ ವೇಗಸ್ ನರ ತನ್ನ ಹಿಡಿತವನ್ನು ಬಹಳ ಬೇಗ, ಒಂದೆರಡು ಬಡಿತಗಳೊಳಗೇ, ಸಡಿಲಿಸುತ್ತದೆ ಮತ್ತು ನಾಡಿ ಕೂಡಲೇ ಏರುತ್ತದೆ. ರಕ್ತನಾಳಗಳನ್ನು ಬಿಗಿಗೊಳಿಸುವ ಸಿಂಪಥೆಟಿಕ್ ನರಗಳ ಕೆಲಸ ಮಾತ್ರ ನಿಧಾನ: ನರತುದಿಯಿಂದ ನಾರ್ ಅಡ್ರಿನಲಿನ್ ಬಿಡುಗಡೆಯಾಗಿ, ನಾಳದ ಗೋಡೆಯ ಸ್ನಾಯು ಸಂಕುಚಿತಗೊಂಡು, ಒತ್ತಡದ ಮೇಲೆ ಅದರ ಪೂರ್ಣ ಪರಿಣಾಮ ಕಾಣಿಸಿಕೊಳ್ಳಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕಾಗಬಹುದು. ಒತ್ತಡವನ್ನು ನಿಜವಾಗಿ ಎತ್ತಿ ಹಿಡಿಯುವುದು ಈ ನಿಧಾನದ ದಾರಿಯೇ, ಏಕೆಂದರೆ ಹೃದಯಕ್ಕೆ ರಕ್ತವೇ ಸಾಕಷ್ಟು ಬರದಿದ್ದರೆ ಅದು ಎಷ್ಟು ವೇಗವಾಗಿ ಬಡಿದರೂ ಪ್ರಯೋಜನ ಸ್ವಲ್ಪವೇ.

ಇದಕ್ಕೆ ಇನ್ನೊಂದು ಅಂಶವೂ ಸೇರಿಕೊಳ್ಳುತ್ತದೆ, ಮತ್ತು ಸಾಮಾನ್ಯವಾಗಿ ಇದನ್ನು ಯಾರೂ ಹೇಳುವುದಿಲ್ಲ. ನಾವಾಗಿಯೇ ಥಟ್ಟನೆ ಏಳುವಾಗ ಹೊಟ್ಟೆಯ ಮತ್ತು ತೊಡೆಯ ಸ್ನಾಯುಗಳು ಬಲವಾಗಿ ಸಂಕುಚಿಸಿ ಅಲ್ಲಿದ್ದ ರಕ್ತವನ್ನು ಒಮ್ಮೆಲೇ ಹೃದಯದತ್ತ ತಳ್ಳುತ್ತವೆ. ಹೃದಯದ ಬಲಭಾಗದಲ್ಲಿ ಕ್ಷಣಕಾಲ ಒತ್ತಡ ಹೆಚ್ಚಾಗುವುದರಿಂದ, ರಕ್ತ ಹೆಚ್ಚಾಗಿಯೇ ಇದೆ ಎಂಬ ಸಂದೇಶ ಮೆಡುಲ್ಲಾಕ್ಕೆ ಹೋಗಿ, ಬಿಗಿಯಬೇಕಾದ ಹೊತ್ತಿನಲ್ಲೇ ರಕ್ತನಾಳಗಳು ಸ್ವಲ್ಪ ಸಡಿಲಗೊಳ್ಳುತ್ತವೆ. ಮೇಜಿನ ಮೇಲೆ ಮಲಗಿಸಿ, ಮೇಜನ್ನೇ ನಿಧಾನವಾಗಿ ಎತ್ತಿ ನಿಲ್ಲಿಸುವ ಪರೀಕ್ಷೆಯಲ್ಲಿ ಈ ಆರಂಭಿಕ ಕುಸಿತ ಅಷ್ಟಾಗಿ ಕಾಣದಿರುವುದಕ್ಕೆ ಇದೇ ಕಾರಣ. ಎರಡೂ ಸೇರಿದಾಗ ಸುಮಾರು ಹತ್ತನೆಯ ಸೆಕೆಂಡಿನ ಹೊತ್ತಿಗೆ ಒತ್ತಡ ಅತಿ ಕೆಳಗೆ ಇಳಿದಿರುತ್ತದೆ. ಆರೋಗ್ಯವಂತರಲ್ಲಿ ಅರ್ಧ ನಿಮಿಷದೊಳಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಮೇಲಿನ ಅಂಕಿ ಮೊದಲ 15 ಸೆಕೆಂಡಿನೊಳಗೆ 40ಕ್ಕಿಂತ ಹೆಚ್ಚು ಕುಸಿದು ತಾನಾಗಿ ಚೇತರಿಸಿಕೊಂಡರೆ ವೈದ್ಯರು ಅದನ್ನು ಆರಂಭಿಕ ಆರ್ಥೋಸ್ಟಾಟಿಕ್ ಹೈಪೊಟೆನ್ಷನ್ ಎನ್ನುತ್ತಾರೆ. ನಿಮ್ಮ ವರ್ಣನೆ ಇದಕ್ಕೆ ಸರಿಹೊಂದುತ್ತದೆ.

ಪ್ರಜ್ಞೆ ಇದ್ದೂ ಕಣ್ಣಿಗೆ ಮಾತ್ರ ಕತ್ತಲೆ ಕಟ್ಟುವುದಕ್ಕೂ ಕಾರಣವಿದೆ. ಕಣ್ಣುಗುಡ್ಡೆಯ ಒಳಗೆ ಅದರದೇ ಆದ 15ರ ಆಸುಪಾಸಿನ ಒತ್ತಡವಿರುತ್ತದೆ, ರಕ್ತ ಅದನ್ನು ಮೀರಿ ಒಳಗೆ ನುಗ್ಗಬೇಕು. ಆದ್ದರಿಂದ ಒತ್ತಡ ಇಳಿದಾಗ ಮೆದುಳಿಗಿಂತ ಮೊದಲು ಅಕ್ಷಿಪಟಲಕ್ಕೆ ರಕ್ತದ ಕೊರತೆಯಾಗುತ್ತದೆ.

ಮನೆಯ ಯಂತ್ರ ಪಟ್ಟಿಯನ್ನು ಉಬ್ಬಿಸಿ, ಇಳಿಸಿ, ಲೆಕ್ಕ ತೋರಿಸುವಷ್ಟರಲ್ಲಿ ಈ ಕುಸಿತ ಮುಗಿದಿರುತ್ತದೆ. ಅದನ್ನು ಹಿಡಿಯಲು ಬೆರಳಿಗೆ ಪಟ್ಟಿ ಕಟ್ಟಿ ಪ್ರತಿ ಬಡಿತದ ಒತ್ತಡವನ್ನು ದಾಖಲಿಸುವ ಉಪಕರಣ ಬೇಕು. 110/70 ನಿಮ್ಮ ವಯಸ್ಸಿಗೆ ಸಹಜವಾದ ಅಂಕಿ, ಅದನ್ನು ಲೋ ಬಿಪಿ ಎಂದು ಕರೆದು ಚಿಂತಿಸಬೇಕಾಗಿಲ್ಲ. ಏಳುವ ಮೊದಲು ಅರ್ಧ ನಿಮಿಷ ಕುಳಿತಲ್ಲೇ ಮಂಡಿಗಳನ್ನು ಎತ್ತಿ ಇಳಿಸಿ; ಎದ್ದ ಮೇಲೂ ಕತ್ತಲೆ ಕಟ್ಟುವ ಸೂಚನೆ ಕಂಡರೆ ಕಾಲಿನ ಮೇಲೆ ಕಾಲು ಅಡ್ಡ ಹಾಕಿ ನಿಂತು ತೊಡೆ ಮತ್ತು ಪೃಷ್ಠದ ಸ್ನಾಯುಗಳನ್ನು ಬಿಗಿ ಹಿಡಿಯಿರಿ. ಸ್ನಾಯು ಬಿಗಿದಾಗ ಅಭಿಧಮನಿಗಳಲ್ಲಿ ತಂಗಿದ ರಕ್ತ ಮೇಲೇರುತ್ತದೆ. ಆದರೆ ಪೂರ್ತಿ ಪ್ರಜ್ಞೆ ತಪ್ಪಿದರೆ, ಓಡುವಾಗಲೋ ಮೆಟ್ಟಿಲು ಹತ್ತುವಾಗಲೋ ಹೀಗಾದರೆ, ಮುಟ್ಟಿನ ರಕ್ತಸ್ರಾವ ಅತಿಯಾಗಿದ್ದರೆ, ಅಥವಾ ನಿಂತ ಹತ್ತು ನಿಮಿಷದೊಳಗೆ ನಾಡಿ ಮಲಗಿದ್ದಾಗಿಗಿಂತ 30ಕ್ಕೂ ಹೆಚ್ಚು ಏರಿ ಹಾಗೆಯೇ ಉಳಿದರೆ ವೈದ್ಯರನ್ನು ಕಾಣಬೇಕು.

ತಂದೆಯವರ ಅಂಕಿಗಳು ನನಗೆ ಹೆಚ್ಚು ಕಳವಳ ತಂದಿವೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದು, ಇಳಿದಲ್ಲೇ ಉಳಿದರೆ ಅದು ಆರ್ಥೋಸ್ಟಾಟಿಕ್ ಹೈಪೊಟೆನ್ಷನ್. ಅವರದು 150ರಿಂದ 114ಕ್ಕೆ, ಅಂದರೆ 36 ಇಳಿದಿದೆ. ನಿಮಿಷದಿಂದ ನಿಮಿಷಕ್ಕೆ ಮತ್ತಷ್ಟು ಇಳಿಯುತ್ತಲೇ ಇದೆ. ಇಷ್ಟು ಇಳಿದಾಗ ಬ್ಯಾರೋರಿಸೆಪ್ಟರ್‌ಗಳ ವ್ಯವಸ್ಥೆ ಸರಿಯಿದ್ದವರಲ್ಲಿ ನಾಡಿ ಗಣನೀಯವಾಗಿ ಏರಬೇಕಿತ್ತು. ನೀರು ಕಡಿಮೆಯಾಗಿಯೋ ರಕ್ತ ನಷ್ಟವಾಗಿಯೋ ಒತ್ತಡ ಇಳಿದವರಲ್ಲಿ ನಾಡಿ ಓಡುವುದನ್ನು ನಾವು ನೋಡುತ್ತೇವೆ. ಅವರ ನಾಡಿ ಏರಿದ್ದು 74ರಿಂದ 79ಕ್ಕೆ, ಬರೀ 5. ನಾಡಿಯ ಏರಿಕೆಯನ್ನು ಒತ್ತಡದ ಇಳಿಕೆಯಿಂದ ಭಾಗಿಸಿದರೆ 5ನ್ನು 36ರಿಂದ ಭಾಗಿಸಿ ಸುಮಾರು 0.14 ಬರುತ್ತದೆ. ಈ ಸಂಖ್ಯೆ 0.5ಕ್ಕಿಂತ ಕಡಿಮೆಯಿದ್ದರೆ ತೊಂದರೆ ನರಗಳಲ್ಲಿದೆ ಎಂದು ಶಂಕಿಸಬೇಕಾಗುತ್ತದೆ. ಈ ಲೆಕ್ಕಕ್ಕೂ ಮಿತಿಯಿದೆ: ಅವರು ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಪೇಸ್‌ಮೇಕರ್ ಇದ್ದರೆ ಅಥವಾ ಹೃದಯದ ಲಯ ಏರುಪೇರಾಗಿದ್ದರೆ ನಾಡಿ ಏರದಿರುವುದಕ್ಕೆ ಅದೇ ಕಾರಣವಿರಬಹುದು.

ದೀರ್ಘಕಾಲದ ಸಕ್ಕರೆ ಕಾಯಿಲೆ ಉದ್ದನೆಯ ನರಗಳನ್ನು ಮೊದಲು ಕೆಡಿಸುತ್ತದೆ. ಪಾದ ಉರಿ, ಜೋಮುಗಳ ಹಿಂದೆ ಇರುವುದೂ ಇದೇ. ಹೃದಯಕ್ಕೆ ಹೋಗುವ ವೇಗಸ್ ನರವೂ, ಕಾಲು ಮತ್ತು ಹೊಟ್ಟೆಯ ರಕ್ತನಾಳಗಳಿಗೆ ಹೋಗುವ ಸಿಂಪಥೆಟಿಕ್ ನರಗಳೂ ಇದರಿಂದ ಹಾನಿಗೊಂಡಾಗ, ಬ್ಯಾರೋರಿಸೆಪ್ಟರ್‌ಗಳು ಸುದ್ದಿ ಮುಟ್ಟಿಸಿದರೂ ಆದೇಶ ರಕ್ತನಾಳವನ್ನು ತಲುಪುವುದಿಲ್ಲ. ವಯಸ್ಸಿನೊಂದಿಗೆ ಕ್ಯಾರೋಟಿಡ್ ಗೋಡೆ ಗಡುಸಾಗಿ ಹಿಗ್ಗುವಿಕೆ ಕಡಿಮೆಯಾಗುವುದರಿಂದ ಆ ಸುದ್ದಿಯೂ ಮಂಕಾಗಿರುತ್ತದೆ. ಇದರ ಮೇಲೆ ಟ್ಯಾಮ್ಸುಲೋಸಿನ್ ಇದೆ. ನಾರ್ ಅಡ್ರಿನಲಿನ್ ಕೂರಬೇಕಾದ ಆಲ್ಫಾ ಗ್ರಾಹಕಗಳನ್ನು ತಡೆದು ಪ್ರಾಸ್ಟೇಟ್ ಸ್ನಾಯುವನ್ನು ಸಡಿಲಿಸುವುದು ಅದರ ಕೆಲಸ. ರಕ್ತನಾಳಗಳಲ್ಲೂ ಅದೇ ಜಾತಿಯ ಗ್ರಾಹಕಗಳಿರುವುದರಿಂದ ಅಲ್ಲೂ ಸ್ವಲ್ಪ ಪರಿಣಾಮವಾಗುತ್ತದೆ. ದಯವಿಟ್ಟು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಮೂತ್ರ ಕಟ್ಟಿಕೊಳ್ಳುವ ಅಪಾಯವಿದೆ. ಅದನ್ನು ಬದಲಿಸಬೇಕೇ, ಬಿಪಿ ಮಾತ್ರೆಗಳಿದ್ದರೆ ಹೊತ್ತು ಬದಲಿಸಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸಲಿ.

ಅವರ ಬಳಿ ಹೋಗುವ ಮೊದಲು ಮೂರು ನಾಲ್ಕು ದಿನ ಬೆಳಿಗ್ಗೆ ಮತ್ತು ಊಟವಾದ ಒಂದು ಗಂಟೆಯ ನಂತರ ಇದೇ ರೀತಿ ಅಳೆದು ಬರೆದಿಡಿ: ಐದು ನಿಮಿಷ ಮಲಗಿಸಿ ಒಮ್ಮೆ, ನಿಂತ ಒಂದು ಮತ್ತು ಮೂರನೆಯ ನಿಮಿಷದಲ್ಲಿ ಒಮ್ಮೊಮ್ಮೆ, ಪ್ರತಿ ಸಲವೂ ನಾಡಿಯೊಂದಿಗೆ. ನಿಂತು ಅಳೆಯುವಾಗ ಪಟ್ಟಿ ಕಟ್ಟಿದ ತೋಳು ಹೃದಯದ ಮಟ್ಟದಲ್ಲಿ ಆಸರೆಯ ಮೇಲಿರಲಿ. ಕೈ ಕೆಳಗೆ ಜೋತುಬಿದ್ದರೆ ಯಂತ್ರ ನಿಜಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತದೆ. ನೀವು ಹಾಗೆ ಅಳೆದಿದ್ದರೆ ತಂದೆಯವರ ನಿಜವಾದ ಇಳಿತ ಇನ್ನೂ ಹೆಚ್ಚಿರಬಹುದು. ಊಟದ ನಂತರದ ಅಳತೆ ಏಕೆಂದರೆ, ಹೊಟ್ಟೆ ತುಂಬ ಅನ್ನ ಉಂಡಾಗ ಕರುಳಿನತ್ತ ಹರಿಯುವ ರಕ್ತ ಹೆಚ್ಚಿ, ನರಗಳು ಸೋತವರಲ್ಲಿ ಒತ್ತಡ ಇನ್ನಷ್ಟು ಕುಸಿಯುತ್ತದೆ.

ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿಗೆ ಮಿತಿ ಹೇಳಿರದಿದ್ದರೆ, ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕುಳಿತೇ ಎರಡು ಲೋಟ ನೀರು ಕುಡಿದು ಸ್ವಲ್ಪ ಹೊತ್ತು ಬಿಟ್ಟು ಏಳಲಿ. ಇಂಥವರಲ್ಲಿ ಬರಿಯ ನೀರೇ ಸುಮಾರು ಒಂದು ಗಂಟೆಯ ಕಾಲ ಒತ್ತಡವನ್ನು ಎತ್ತಿ ಹಿಡಿಯುತ್ತದೆ. ಬಿಸಿನೀರಿನ ಸ್ನಾನ ಮುಗಿಸಿ ನೇರವಾಗಿ ಪೂಜೆಗೆ ನಿಲ್ಲುವ ಬದಲು ಕುಳಿತು ಪೂಜೆ ಮಾಡಲಿ. ಮಲಗಿದಾಗ ಅವರ ಒತ್ತಡ 150 ಇರುವುದನ್ನೂ ಮರೆಯುವಂತಿಲ್ಲ, ಏಕೆಂದರೆ ರಾತ್ರಿಯಿಡೀ ಏರಿದ ಒತ್ತಡದಿಂದ ಮೂತ್ರ ಹೆಚ್ಚು ಹೋಗಿ ಬೆಳಗಿನ ಹೊತ್ತಿಗೆ ದೇಹದ ನೀರು ತಗ್ಗಿರುತ್ತದೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ ಇಟ್ಟು ಎತ್ತರಿಸಿದರೆ ಎರಡಕ್ಕೂ ಅನುಕೂಲ. ಉಪ್ಪು ಹೆಚ್ಚಿಸುವುದು ಮಾತ್ರ ವೈದ್ಯರು ಹೇಳಿದರಷ್ಟೇ.