ಐದು ವರ್ಷದ ಗೋದಾಮು ಕರಾರು ರಿಜಿಸ್ಟ್ರಿ ಆಗಿಲ್ಲ, ಸ್ಟಾಂಪೂ ಸರಿಯಿಲ್ಲ. ಕೋರ್ಟಿನಲ್ಲಿ ದಂಡ ಕಟ್ಟಿದರೆ ನಡೆಯುತ್ತದಾ?

"ಉಪ್ಪಳ ಹತ್ತಿರ ಅಂಗಡಿ ಸಾಮಾನಿಗೆ ಗೋದಾಮು ಹಿಡಿದಿದ್ದೇನೆ. ಎರಡನೇ ವರ್ಷಕ್ಕೇ ಬಿಡಿ ಅನ್ನುತ್ತಿದ್ದಾರೆ. ಸ್ಟಾಂಪ್ ಕಮ್ಮಿ ಇದ್ದರೆ ಆಮೇಲೆ ಸರಿಮಾಡಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಂತೆ. ದಂಡ ಕಟ್ಟಿ ಉಳಿದ ವರ್ಷ ಕೂರಬಹುದಾ?"

ದಂಡ ಕಟ್ಟುವ ಮೊದಲು ನನ್ನ ಕಥೆ ಓದಿ. ನಾನು ಅಡಿಕೆ ವ್ಯಾಪಾರದವ. ಕುಂಬಳೆ ಕಡೆ ಒಂದು ಗೋದಾಮನ್ನು ಐದು ವರ್ಷಕ್ಕೆ ಹಿಡಿದಿದ್ದೆ, ಮೂರು ಲಕ್ಷ ಅಡ್ವಾನ್ಸ್ ಕೊಟ್ಟು. ಕರಾರಿಗೆ ಸ್ಟಾಂಪ್ ಪೇಪರ್ ಮಂಗಳೂರಿನಿಂದ ಬಂತು. ವಾರಕ್ಕೆರಡು ಸಲ ಅಲ್ಲಿಗೆ ಹೋಗುವ ನಮಗೆ ಗಡಿ ಲೆಕ್ಕಕ್ಕೇ ಬರುವುದಿಲ್ಲ. ಸಹಿ ಆದದ್ದು ಧಣಿಗಳ ಮನೆ ಜಗಲಿಯಲ್ಲಿ. ಮೂರನೇ ವರ್ಷ ಅವರಿಗೆ ಹೆಚ್ಚು ಬಾಡಿಗೆ ಕೊಡುವವರು ಸಿಕ್ಕಿದರು, ಬಿಡಲು ಹೇಳಿದರು. ನಾನು ಮುನ್ಸಿಫ್ ಕೋರ್ಟಿಗೆ ಹೋಗಿ ಕರಾರನ್ನೇ ಮೊದಲ ದಾಖಲೆಯಾಗಿ ಕೊಟ್ಟೆ.

ಅದಕ್ಕೆ ಸಾಕ್ಷ್ಯವೆಂದು ಗುರುತು ಹಾಕುವ ಹೊತ್ತಿಗೆ ಎದುರಿನ ವಕೀಲರು ಎದ್ದು ನಿಂತು, "ಇದು ಕೇರಳದ ಸ್ಟಾಂಪೇ ಅಲ್ಲ" ಎಂದರು. ಕೇರಳದ ಕಟ್ಟಡ, ಕೇರಳದಲ್ಲೇ ಸಹಿ. ಹಾಗಾಗಿ ಸುಂಕ ಸಲ್ಲಬೇಕಾದದ್ದು ಕೇರಳಕ್ಕೆ. ಕರ್ನಾಟಕಕ್ಕೆ ಕೊಟ್ಟ ದುಡ್ಡು ಜಮೆಯಾಗುವುದಿಲ್ಲ, ಕಾಗದಕ್ಕೆ ಸ್ಟಾಂಪೇ ಇಲ್ಲ ಎಂದು ಲೆಕ್ಕ. 1959ರ ಕೇರಳ ಸ್ಟಾಂಪ್ ಕಾಯ್ದೆಯ 34ನೇ ಕಲಂ ಪ್ರಕಾರ ಅಂಥ ಕಾಗದವನ್ನು ಯಾವ ಕಾರಣಕ್ಕೂ ಸಾಕ್ಷ್ಯವಾಗಿ ತೆಗೆದುಕೊಳ್ಳುವ ಹಾಗಿಲ್ಲ. ನ್ಯಾಯಾಧೀಶರು ಅದನ್ನು ಅಲ್ಲಿಯೇ ಹಿಡಿದಿಟ್ಟರು. ಆಕ್ಷೇಪ ಬಾರದೆ ಕಾಗದ ಒಮ್ಮೆ ಸಾಕ್ಷ್ಯಕ್ಕೆ ಸೇರಿಬಿಟ್ಟರೆ, ಸ್ಟಾಂಪಿನ ತಕರಾರನ್ನು ಅದೇ ಕೇಸಿನಲ್ಲಿ ಮತ್ತೆ ಎತ್ತಲಾಗದು. ಅದಕ್ಕೇ ಅನುಭವಿ ವಕೀಲರು ಆ ಕ್ಷಣಕ್ಕೆ ಕಾದಿರುತ್ತಾರೆ.

ಒಳಗೆ ಸೇರಿಸಲು ಬಾಕಿ ಸುಂಕ, ಅದರ ಮೇಲೆ ಹತ್ತು ಪಟ್ಟು ದಂಡ. ನನ್ನದು ಒಂಬತ್ತು ಸಾವಿರ ಬಾಕಿ ಎಂದು ಲೆಕ್ಕವಾಯಿತು. ದಂಡ ತೊಂಬತ್ತು ಸಾವಿರ, ಒಟ್ಟು 99,000. ಬೇರೆ ಒಪ್ಪಂದ ಇಲ್ಲದಿದ್ದರೆ ಬಾಡಿಗೆ ಕರಾರಿನ ಸುಂಕ ಬಾಡಿಗೆದಾರನ ತಲೆಗೇ ಬರುವುದರಿಂದ ಧಣಿಗಳಿಗೆ ಒಂದು ಪೈಸೆ ಖರ್ಚಿಲ್ಲ. ನಾನು ಕಟ್ಟಿದೆ.

ಕಟ್ಟಿದ್ದೇ ತಪ್ಪಾದದ್ದು. ಅದು ಹೇಗೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿಯೂ ಅದೇ ಇದೆ. ನಾನು ಸ್ಟಾಂಪ್ ಮತ್ತು ರಿಜಿಸ್ಟ್ರಿ ಎರಡನ್ನೂ ಒಂದೇ ರೋಗ, ಒಂದೇ ಮದ್ದು ಎಂದುಕೊಂಡಿದ್ದೆ. ಸ್ಟಾಂಪಿನ ದೋಷ ಸರ್ಕಾರಕ್ಕೆ ಬರಬೇಕಾದ ದುಡ್ಡಿನದು. ದುಡ್ಡು ಬಂದರೆ ದೋಷ ಹೋಯಿತು. 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ "ಸರಿಪಡಿಸಬಹುದಾದ ದೋಷ" ಎಂದದ್ದು ಇದನ್ನೇ, ಅದೂ ಮಧ್ಯಸ್ಥಿಕೆಯ ಷರತ್ತು ಇದ್ದ ಕರಾರುಗಳ ವಿಷಯದಲ್ಲಿ. ನೀವು ಕೇಳಿದ ಮಾತು ಸುಳ್ಳಲ್ಲ, ಆದರೆ ಅದು ರಿಜಿಸ್ಟ್ರಿಗೆ ತಾಗುವುದಿಲ್ಲ.

ರಿಜಿಸ್ಟ್ರಿ ಆಗದ ಕರಾರಿನ ಕಥೆಯೇ ಬೇರೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕಟ್ಟಡ ಬಾಡಿಗೆಗೆ ಕೊಡುವುದು ನೋಂದಣಿಯಾದ ಪತ್ರದ ಮೂಲಕವೇ ಆಗಬೇಕು. ಆಗದಿದ್ದರೆ 1908ರ ನೋಂದಣಿ ಕಾಯ್ದೆಯ 49ನೇ ಕಲಂ ಅಡ್ಡ ಬರುತ್ತದೆ, ಕರಾರಿನ ಷರತ್ತುಗಳನ್ನು ಆ ಪತ್ರದಿಂದ ಸಾಬೀತುಪಡಿಸಲಾಗದು. ಸಹಿಯಾದ ನಾಲ್ಕು ತಿಂಗಳೊಳಗೆ ಸಬ್ ರಿಜಿಸ್ಟ್ರಾರ್ ಮುಂದೆ ಹಾಜರುಪಡಿಸಬೇಕು. ತಪ್ಪಿದರೆ, ತಕ್ಕ ಕಾರಣವಿದ್ದಲ್ಲಿ, ದಂಡ ಕಟ್ಟಿ ಇನ್ನು ನಾಲ್ಕು ತಿಂಗಳು. ಆ ಎಂಟು ತಿಂಗಳು ದಾಟಿದ ಮೇಲೆ ಎಷ್ಟು ದುಡ್ಡು ಸುರಿದರೂ ಆ ಕಾಗದ ರಿಜಿಸ್ಟ್ರಿ ಆಗುವುದಿಲ್ಲ. ಹೊಸ ಪತ್ರ ಬರೆಸಬೇಕು, ಅದಕ್ಕೆ ಧಣಿಗಳ ಸಹಿ ಬೇಕು. ಬಿಡಿ ಎನ್ನುವವರು ಸಹಿ ಹಾಕುತ್ತಾರೆಯೇ?

ನಾನು 99,000 ಕಟ್ಟಿ ಕರಾರಿಗೆ ಗುರುತು ಹಾಕಿಸಿದ ಮೇಲೆ ಎದುರಿನವರು ಎತ್ತಿದ್ದು ಇದನ್ನೇ. ನೋಂದಣಿಯಾಗದ ಪತ್ರವನ್ನು "ಪೂರಕ ಉದ್ದೇಶ"ಕ್ಕೆ ಮಾತ್ರ ನೋಡಬಹುದು, ಅಂದರೆ ನಾನು ಅಲ್ಲಿ ಇರುವುದು ಬಾಡಿಗೆದಾರನಾಗಿ, ಅತಿಕ್ರಮಿಸಿದವನಾಗಿ ಅಲ್ಲ ಎಂಬುದಕ್ಕೆ. ಐದು ವರ್ಷ ಎಂಬುದು ಕರಾರಿನ ಮುಖ್ಯ ಷರತ್ತು, ಅದನ್ನು ಪೂರಕ ಎಂದು ಒಳಗೆ ತರಲಾಗದು. ಸುಪ್ರೀಂ ಕೋರ್ಟ್ 2008ರ ಕೆ.ಬಿ. ಸಾಹಾ ಪ್ರಕರಣದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನನಗೆ ಬೇಕಾಗಿದ್ದದ್ದು ಆ ಐದು ವರ್ಷವೇ. ನಾನು ಬಾಡಿಗೆದಾರ ಎಂದು ತೋರಿಸಲು ನನ್ನ ಪಾಸ್‌ಬುಕ್ ಸಾಕಿತ್ತು. ಪ್ರತಿ ತಿಂಗಳ ಬಾಡಿಗೆ ಬ್ಯಾಂಕಿನಿಂದಲೇ ಹೋಗಿತ್ತು, ಅಡ್ವಾನ್ಸ್ ಚೆಕ್ಕಿನಲ್ಲಿ ಹೋಗಿತ್ತು. ಖರ್ಚಿಲ್ಲದೆ ಸಾಬೀತಾಗುವುದನ್ನು ಸಾಬೀತುಪಡಿಸಲು ಆ ದುಡ್ಡು ಹೋಯಿತು.

ಆದ್ದರಿಂದ "ದಂಡ ಕಟ್ಟಿ ಉಳಿದ ವರ್ಷ ಕೂರಬಹುದಾ" ಎಂಬ ಪ್ರಶ್ನೆಯನ್ನೇ ಬಿಡಿ ಎನ್ನುತ್ತೇನೆ. ಐದು ವರ್ಷ ನಿಮ್ಮ ಕೈಯಲ್ಲಿಲ್ಲ. ಆದರೆ ನೀವು ಬರಿಗೈಯಲ್ಲೂ ಇಲ್ಲ. 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಆಂಟನಿ ಮತ್ತು ಕೆ.ಸಿ. ಇಟ್ಟೂಪ್ ಪ್ರಕರಣ ನಮ್ಮ ಕೇರಳದ್ದೇ, ಅದರಲ್ಲೂ ಐದು ವರ್ಷದ ನೋಂದಣಿಯಾಗದ ಕರಾರೇ. ಕರಾರಿನ ಅವಧಿ ನಿಲ್ಲುವುದಿಲ್ಲ, ಆದರೆ ಸ್ವಾಧೀನ ಕೊಟ್ಟು ಬಾಡಿಗೆ ತೆಗೆದುಕೊಂಡ ನಡವಳಿಕೆಯಿಂದಲೇ ಧಣಿ ಮತ್ತು ಬಾಡಿಗೆದಾರರ ಸಂಬಂಧ ಹುಟ್ಟುತ್ತದೆ ಎಂದರು. ಹಾಗೆ ತಿಂಗಳ ಬಾಡಿಗೆದಾರರಾದವರಿಗೂ 1965ರ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಸಿಗುತ್ತದೆ. ಆ ಕಾಯ್ದೆ ಜಾರಿಯಿರುವ ಪ್ರದೇಶದಲ್ಲಿ ಧಣಿಗಳು ಬಾಡಿಗೆ ನಿಯಂತ್ರಣ ಕೋರ್ಟಿಗೆ ಹೋಗಿ, ಬಾಡಿಗೆ ಬಾಕಿ ಅಥವಾ ಸ್ವಂತ ಅಗತ್ಯದಂಥ ಕಾನೂನಿನ ಕಾರಣ ತೋರಿಸಬೇಕು. ಇಲ್ಲದ ಕಡೆಯಾದರೆ ಹದಿನೈದು ದಿನದ ನೋಟಿಸ್ ಕೊಟ್ಟು ತಿಂಗಳ ಬಾಡಿಗೆಯನ್ನು ಮುಗಿಸಬಹುದು. ಹಾಗಿದ್ದರೂ ಬೀಗ ಒಡೆದು ಹೊರಹಾಕುವಂತಿಲ್ಲ. ನಿಮ್ಮ ಗೋದಾಮು ಯಾವುದರಲ್ಲಿ ಬರುತ್ತದೆ ಎಂಬುದು ನಿಮಗೆ ಆ ಸ್ಟಾಂಪಿಗಿಂತ ದೊಡ್ಡ ಪ್ರಶ್ನೆ. ನನಗೆ ಕಡೆಗೆ ಸಿಕ್ಕಿದ್ದೂ ಇಷ್ಟೇ, ಕಾನೂನು ಕ್ರಮದಲ್ಲಲ್ಲದೆ ಹೊರಹಾಕಬಾರದು ಎಂಬ ತಡೆಯಾಜ್ಞೆ. ಅದರ ಬಲದಲ್ಲಿ ರಾಜಿಯಾಗಿ, ಆ ವರ್ಷದ ಅಡಿಕೆ ಖಾಲಿಯಾಗುವವರೆಗೆ ಸಮಯ ಸಿಕ್ಕಿತು, ಅಡ್ವಾನ್ಸ್ ಪೂರ್ತಿ ವಾಪಸ್ ಬಂತು.

ಕರಾರನ್ನು ಕೋರ್ಟಿನ ಮುಂದೆ ಇಡಲೇಬೇಕೆಂದು ನಿಮ್ಮ ವಕೀಲರು ಹೇಳಿದರೆ, ಯಾವ ಅಂಶವನ್ನು ಸಾಬೀತುಪಡಿಸಲು ಎಂದು ಮೊದಲು ಕೇಳಿ. ಒಮ್ಮೆ ಇಟ್ಟರೆ ಹಿಂದಕ್ಕೆ ತೆಗೆದುಕೊಂಡು ಪಾರಾಗಲು ಬರುವುದಿಲ್ಲ. ನಿಜವಾಗಿ ಬೇಕೇ ಆದರೆ ಹತ್ತು ಪಟ್ಟನ್ನು ಕೋರ್ಟಿನಲ್ಲೇ ಕಟ್ಟಬೇಡಿ, ಮೂಲ ಪತ್ರವನ್ನು ಜಿಲ್ಲಾ ರಿಜಿಸ್ಟ್ರಾರರಿಗೆ ಕಳಿಸಲು ಕೇಳಿಕೊಳ್ಳಿ. ಕೋರ್ಟಿಗೆ ದಂಡ ಇಳಿಸುವ ಅಧಿಕಾರವಿಲ್ಲ, ಅವರಿಗೆ ಇದೆ. ಮೂಲ ಪತ್ರ ನಿಮ್ಮ ಹತ್ತಿರವೇ ಇದೆಯೇ ಎಂದೂ ಇವತ್ತೇ ನೋಡಿ. ಸ್ಟಾಂಪ್ ಇಲ್ಲದ ಪತ್ರದ ಝೆರಾಕ್ಸಿಗೆ ದಂಡ ಕಟ್ಟಲೂ ಆಗದು, ಅದು ಸಾಕ್ಷ್ಯವೂ ಆಗದು.

ಬಾಡಿಗೆ ಮಾತ್ರ ಒಂದು ತಿಂಗಳೂ ನಿಲ್ಲಿಸಬೇಡಿ. ಅವರು ತೆಗೆದುಕೊಳ್ಳದಿದ್ದರೆ ಮನಿಯಾರ್ಡರ್ ಮಾಡಿ, ವಾಪಸ್ ಬಂದ ಚೀಟಿ ಇಟ್ಟುಕೊಳ್ಳಿ. ಬ್ಯಾಂಕ್ ಸ್ಟೇಟ್‌ಮೆಂಟ್, ಗೋದಾಮಿನ ವಿಳಾಸವಿರುವ ಜಿಎಸ್‌ಟಿ ಪ್ರಮಾಣಪತ್ರ, ಪಂಚಾಯತಿನ ಲೈಸೆನ್ಸ್, ಕರೆಂಟ್ ಬಿಲ್ಲು ಇವನ್ನೆಲ್ಲ ಹಿಡಿದುಕೊಂಡು ವಕೀಲರ ಹತ್ತಿರ ಹೋಗಿ.