ಫೈಕಸ್ ಬೋನ್ಸಾಯ್: ಮೊದಲು ನೀರು, ಆಮೇಲೆ ತಂತಿ

"ಚಿಕ್ಕ ಟೆರೇಸ್‌ನಲ್ಲಿ ಫೈಕಸ್ ಇಟ್ಟಿದ್ದೀನಿ. ದಿನಾ ಎರಡು ಲೋಟ ನೀರು ಹಾಕಿದ್ರೂ ಎಲೆ ಹಳದಿಯಾಗಿ ಉದುರ್ತಿದೆ. ಈಗಲೇ ಕತ್ತರಿಸಿ ತಂತಿ ಸುತ್ತಬಹುದಾ?"

ಈಗ ಬೇಡ. ಲೋಟದ ಲೆಕ್ಕ ಬಿಡಿ. ಬೆರಳನ್ನು ಮಣ್ಣಿಗೆ ಒಂದು ಇಂಚು ಇಳಿಸಿ ನೋಡಿ, ಒದ್ದೆ ಇದ್ದರೆ ಆ ದಿನ ನೀರು ಬೇಡ. ಒಣಗುತ್ತಾ ಬಂದಿದ್ದರೆ ಕುಂಡದ ತಳದ ತೂತಿನಿಂದ ನೀರು ಹರಿದು ಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಿ. ಮಣ್ಣು ಸದಾ ಒದ್ದೆಯಿದ್ದು ಹುಳಿ ವಾಸನೆ ಬಂದರೆ ಬೇರು ಕೊಳೆಯುತ್ತಿರಬಹುದು. ಆದರೆ ಬಿಸಿಲಲ್ಲಿ ಕಾದ ಟೆರೇಸ್ ನೆಲದ ಮೇಲೆ ಆಳವಿಲ್ಲದ ಕುಂಡ ಬೇಗ ಒಣಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡೂ ಹೊತ್ತು ಮುಟ್ಟಿ ನೋಡಿ.

ಹೊಸ ಚಿಗುರು ಬಂದು ಒಂದೊಂದು ರೆಂಬೆಯಲ್ಲಿ ಆರೇಳು ಎಲೆ ಆದಮೇಲೆ ಎರಡು ಮೂರು ಎಲೆ ಉಳಿಸಿ ಕತ್ತರಿಸಿ. ಬಿಳಿ ಹಾಲು ಸುರಿಯುತ್ತದೆ, ಒದ್ದೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಕಣ್ಣಿಗೆ ತಾಗಿಸಬೇಡಿ.

ರೆಂಬೆಗೆ ಆಕಾರ ಕೊಡುವ ತಂತಿಗೆ ಅಲ್ಯೂಮಿನಿಯಂ ಸಾಕು, ತಂತಿಯ ದಪ್ಪ ರೆಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟಿರಲಿ. ಓರೆಯಾಗಿ ಸುತ್ತಿ. ಫೈಕಸ್ ರೆಂಬೆ ಬೇಗ ದಪ್ಪವಾಗುತ್ತೆ ಅಲ್ವಾ, ವಾರಕ್ಕೊಮ್ಮೆ ನೋಡಿ. ತಂತಿ ತೊಗಟೆಗೆ ಒತ್ತಲು ಶುರುವಾದರೆ ಬಿಚ್ಚಲು ಹೋಗದೆ ತಂತಿಯನ್ನೇ ತುಂಡು ತುಂಡಾಗಿ ಕತ್ತರಿಸಿ ತೆಗೆಯಿರಿ.