ಬಯೋವಾಶ್ ಆಗಿದೆ, ರಿಪೋರ್ಟಲ್ಲಿ 4 ಇದೆ, ಆದರೂ ಉಂಡೆ

ಪ್ರಶ್ನೆ: ಅಂಗಡಿ ಹುಡುಗರಿಗೆ ಪಾಲಿ-ಕಾಟನ್ ಕಾಲರ್ ಟೀ ಶರ್ಟ್ ಮಾಡಿಸಿದ್ದೆ. ನಾಲ್ಕು ಸಲ ಒಗೆದಿದ್ದಷ್ಟೇ, ಕಂಕುಳ ಹತ್ತಿರ, ಬ್ಯಾಗ್ ಉಜ್ಜೋ ಕಡೆ ಎಲ್ಲಾ ಸಣ್ಣ ಸಣ್ಣ ಉಂಡೆ. ಸಪ್ಲೈಯರ್ ‘ಬಯೋವಾಶ್ ಆಗಿದೆ ಸರ್, ಲ್ಯಾಬ್ ರಿಪೋರ್ಟಲ್ಲಿ 4 ಬಂದಿದೆ’ ಅಂತಾರೆ. ಹಳೇ ಪ್ಯೂರ್ ಕಾಟನ್ ಶರ್ಟಿಗೆ ಹೀಗಾಗಿರಲಿಲ್ಲ. ಮುಂದಿನ ಸಲ ಏನು ಕೇಳಿ ತಗೋಬೇಕು?

ನಿಮ್ಮ ಸಪ್ಲೈಯರ್ ಸುಳ್ಳು ಹೇಳಿರಲಿಕ್ಕಿಲ್ಲ. ಬಯೋವಾಶ್ ಆಗಿರಬಹುದು, ಉಂಡೆ ಟೆಸ್ಟಲ್ಲಿ ಐದಕ್ಕೆ 4 ಕೂಡ ಬಂದಿರಬಹುದು. ಎರಡೂ ನಿಜವಾಗಿದ್ದೂ ಉಂಡೆ ಬರೋದನ್ನ ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಲ್ಯಾಬಲ್ಲಿ ಕೂತು ಎಷ್ಟೋ ಸಲ ನೋಡಿದ್ದೀನಿ.

ಮೊದಲು ಒಂದು ಕೆಲಸ ಮಾಡಿ. ಶರ್ಟಿನ ಒಂದು ಉಂಡೆಯನ್ನ ಸೂಜಿಮೊನೆಯಿಂದ ಮೆಲ್ಲಗೆ ಎತ್ತಿ, ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ನೋಡಿ. ಉಂಡೆ ಬಟ್ಟೆ ಮೇಲೆ ಸುಮ್ಮನೆ ಕೂತಿರಲ್ಲ. ಕೆಳಗೆ ನಾಲ್ಕಾರು ಹೊಳೆಯೋ ಎಳೆಗಳು ಅದನ್ನ ನೂಲಿಗೆ ಕಟ್ಟಿ ಹಾಕಿರುತ್ತವೆ. ಉಂಡೆಯೊಳಗೆ ಹತ್ತಿ ಜುಂಗು ಇರುತ್ತೆ, ಬೇರೆ ಬಟ್ಟೆಯ ಬಣ್ಣದ ಜುಂಗೂ ಇರಬಹುದು. ಆದರೆ ಅದನ್ನ ಹಿಡಿದಿರೋ ಆ ಎಳೆಗಳು, ಅಂದ್ರೆ ಉಂಡೆಯ ಕಾಲು, ಮಾತ್ರ ಹೆಚ್ಚಾಗಿ ಪಾಲಿಯೆಸ್ಟರಿನದೇ.

ನಿಮ್ಮ ಹಳೇ ಕಾಟನ್ ಶರ್ಟಿನ ಗುಟ್ಟು ಅಲ್ಲೇ ಇದೆ. ಉಜ್ಜಾಟಕ್ಕೆ ಅದರಲ್ಲೂ ಜುಂಗು ಏಳುತ್ತೆ, ಸುತ್ತಿಕೊಳ್ಳುತ್ತೆ, ಸಣ್ಣ ಉಂಡೆಯೂ ಆಗುತ್ತೆ. ಆದರೆ ಹತ್ತಿಯ ಎಳೆ ಬಗ್ಗಿ ಬಗ್ಗಿ ಬೇಗ ಮುರಿಯುತ್ತೆ, ಉಂಡೆ ಒಗೆಯುವಾಗಲೇ ಉದುರಿ ಹೋಗುತ್ತೆ. ಪಾಲಿಯೆಸ್ಟರ್ ಎಳೆ ಎಷ್ಟು ಬಗ್ಗಿಸಿದರೂ ಜಪ್ಪಯ್ಯ ಅನ್ನಲ್ಲ, ಉಂಡೆಯನ್ನ ಹಿಡಿದೇ ಇಟ್ಟುಕೊಳ್ಳುತ್ತೆ. ಬಟ್ಟೆ ಕಳಪೆ ಅಂತ ಉಂಡೆ ಬರೋದಲ್ಲ, ಎಳೆ ಗಟ್ಟಿ ಇರೋದ್ರಿಂದ ಉಂಡೆ ನಿಲ್ಲೋದು.

ಈಗ ಬಯೋವಾಶ್. ಅದು ಸೆಲ್ಯುಲೇಸ್ ಅನ್ನೋ ಕಿಣ್ವದ ಸ್ನಾನ. ಸಾಮಾನ್ಯವಾಗಿ ಪಿಎಚ್ 5ರ ಆಸುಪಾಸು, 50–55 ಡಿಗ್ರಿ ಬಿಸಿ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಹತ್ತಿಯ ಮೇಲೆದ್ದ ಜುಂಗನ್ನ ಅದು ತಿಂದು ಸಡಿಲ ಮಾಡುತ್ತೆ, ಯಂತ್ರದ ತಿರುಗಾಟಕ್ಕೆ ಆ ಜುಂಗು ಉದುರುತ್ತೆ. ಪಾಲಿಯೆಸ್ಟರನ್ನ ಮುಟ್ಟೋದೇ ಇಲ್ಲ, ಅದು ಸೆಲ್ಯುಲೋಸ್ ಅಲ್ಲವಲ್ಲ. ಹಾಗಾಗಿ ಪಾಲಿ-ಕಾಟನ್‌ನಲ್ಲಿ ಬಯೋವಾಶ್ ಆದ ಶರ್ಟು ಮೊದಲ ದಿನ ನುಣ್ಣಗೆ ಕಾಣುತ್ತೆ, ಉಂಡೆ ಹಿಡಿಯೋ ಕಾಲುಗಳು ಹಾಗೇ ಉಳಿದಿರುತ್ತವೆ. ನೂರಕ್ಕೆ ನೂರು ಕಾಟನ್ ಬಟ್ಟೆಗೆ ಒಳ್ಳೇ ಮದ್ದು, ನಿಮ್ಮ ಬಟ್ಟೆಗೆ ಅರ್ಧ ಮದ್ದು.

ನಮ್ಮಲ್ಲೇ ಆದ ಒಂದು ಪ್ರಕರಣ ಹೇಳ್ತೀನಿ. 65 ಪಾಲಿಯೆಸ್ಟರ್, 35 ಕಾಟನ್ ಪಿಕೆ ಬಟ್ಟೆ, ನಿಮ್ಮಂಥದ್ದೇ ಕಾಲರ್ ಟೀ ಶರ್ಟಿಗೆ. ಸ್ಯಾಂಪಲ್ 4 ಬಂತು, ಬಲ್ಕ್ ಬಟ್ಟೆ ಬಂದಾಗ 2-3. ಇಲ್ಲಿ 5 ಅಂದ್ರೆ ಏನೂ ಬದಲಾಗಿಲ್ಲ, 1 ಅಂದ್ರೆ ಮೈತುಂಬಾ ಉಂಡೆ. ಮಿಲ್ಲಿನವರು ತಪ್ಪನ್ನ ನೂಲಿನ ಮೇಲೆ ಹಾಕಿದರು, ನೂಲಿನವರು ಡೈಯಿಂಗ್ ಮೇಲೆ ಹಾಕಿದರು. ಜಗಳ ಬಿಡಿಸೋಕೆ ನಾವು ಅದೇ ಲಾಟಿನ ಬಟ್ಟೆಯನ್ನ ಒಂದೊಂದು ಹಂತದಲ್ಲೂ ಕತ್ತರಿಸಿ ತರಿಸಿ ಟೆಸ್ಟ್ ಮಾಡಿದ್ವಿ. ಬಣ್ಣ ಹಾಕಿ ಒಣಗಿಸಿದ ಮೇಲೆ 3-4 ಇತ್ತು. ಫಿನಿಶಿಂಗ್ ಆದ ಮೇಲೆ 2-3ಕ್ಕೆ ಇಳಿದಿತ್ತು. ನಡುವೆ ಆಗಿದ್ದು ಒಂದೇ: ‘ಬಟ್ಟೆ ಒರಟು’ ಅಂತ ನಮ್ಮ ಮರ್ಚಂಡೈಸರೇ ದೂರಿದ್ದರಿಂದ ಮಿಲ್ಲಿನವರು ಸಿಲಿಕೋನ್ ಸಾಫ್ಟ್ನರ್ ಜಾಸ್ತಿ ಹಾಕಿದ್ದರು. ಸಿಲಿಕೋನ್ ಎಳೆಗಳ ನಡುವಿನ ಘರ್ಷಣೆ ಕಮ್ಮಿ ಮಾಡುತ್ತೆ. ಕೈಗೆ ಬೆಣ್ಣೆ ಥರ ಅನ್ನಿಸುತ್ತೆ, ಆದರೆ ಎಳೆ ನೂಲಿಂದ ಜಾರಿ ಹೊರಗೆ ಬರೋದೂ ಅಷ್ಟೇ ಸುಲಭ ಆಗುತ್ತೆ. ತಪ್ಪು ಅರ್ಧ ನಮ್ಮದೇ ಅಂತ ಆಯ್ತು.

ಸಾಫ್ಟ್ನರ್ ತಗ್ಗಿಸಿ ಮತ್ತೆ ಓಡಿಸಿದಾಗ 3-4ಕ್ಕೆ ಬಂತು, ಅದಕ್ಕಿಂತ ಮೇಲೆ ಏರಲಿಲ್ಲ. ಆ ನೂಲಿನ ಯೋಗ್ಯತೆ ಅಷ್ಟೇ. ಉಂಡೆ ವಿರೋಧಿ ಅಂತ ಮಾರೋ ಅಕ್ರಿಲಿಕ್ ಅಥವಾ ಪಾಲಿಯುರಿಥೇನ್ ಬೈಂಡರ್ ಫಿನಿಶ್ ಕೂಡ ಪ್ರಯತ್ನಿಸಿದ್ವಿ. ಅದು ಎಳೆಗಳನ್ನ ತೆಳ್ಳಗೆ ಅಂಟಿಸಿ ಹಿಡಿಯುತ್ತೆ. ಸಂಖ್ಯೆ ಏರಿತು, ಬಟ್ಟೆ ಕಾಗದದಂತಾಯ್ತು, ಐದು ಒಗೆತಕ್ಕೆ ಸಂಖ್ಯೆಯೂ ಇಳಿಯಿತು. ಇಂಥ ಫಿನಿಶ್ ಬಗ್ಗೆ ಅಂದಿನಿಂದ ನನಗೆ ನಂಬಿಕೆ ಕಮ್ಮಿ.

ಮುಂದಿನ ಆರ್ಡರಿಗೆ ನೂಲನ್ನೇ ಬದಲಿಸಿದ್ವಿ, ಕೆಲಸ ಆಗಿದ್ದು ಅದರಿಂದ. ಲೋ-ಪಿಲ್ ಪಾಲಿಯೆಸ್ಟರ್ ಅಂತ ಸಿಗುತ್ತೆ. ಬೇಕಂತಲೇ ಸರಪಳಿ ಚಿಕ್ಕದಾದ ಪಾಲಿಮರಿನಿಂದ ಮಾಡಿರುತ್ತಾರೆ, ಎಳೆ ಸ್ವಲ್ಪ ದುರ್ಬಲ, ಉಂಡೆ ಹತ್ತಿಯಲ್ಲಾದಂತೆ ಮುರಿದು ಬೀಳುತ್ತೆ. ಅದನ್ನ ವೋರ್ಟೆಕ್ಸ್ ನೂಲಾಗಿ ತಗೊಂಡ್ವಿ. ಗಾಳಿಯ ಸುಳಿಯಲ್ಲಿ ಎಳೆಯ ತುದಿಗಳನ್ನ ನೂಲಿಗೆ ಸುತ್ತಿ ಕಟ್ಟೋದ್ರಿಂದ ಇದರ ಮೈಮೇಲೆ ಮಾಮೂಲಿ ರಿಂಗ್ ನೂಲಿನಷ್ಟು ಜುಂಗು ಇರಲ್ಲ. ಜುಂಗೇ ಇಲ್ಲದಿದ್ದರೆ ಉಂಡೆ ಕಟ್ಟೋದು ಯಾವುದರಿಂದ? ಕೈಗೆ ರಿಂಗ್ ನೂಲಿನಷ್ಟು ಮೆತ್ತಗಿರಲ್ಲ, ಅದನ್ನ ಒಪ್ಪಿಕೊಂಡೇ ತಗೋಬೇಕು.

ಪ್ಯಾಂಟ್, ಸ್ಕೂಲ್ ಯೂನಿಫಾರ್ಮ್‌ನಂಥ ನೇಯ್ದ ಬಟ್ಟೆಗೆ ಇನ್ನೊಂದು ದಾರಿ ಇದೆ. ಗ್ಯಾಸ್ ಜ್ವಾಲೆ ಮೇಲೆ ವೇಗವಾಗಿ ಓಡಿಸಿ ಜುಂಗು ಸುಡೋದು, ಸಿಂಜಿಂಗ್. ಪಾಲಿಯೆಸ್ಟರ್ ಸುಟ್ಟು ಬೂದಿಯಾಗದೆ ಕರಗಿ ತುದಿಯಲ್ಲಿ ಮಣಿ ಆಗುತ್ತೆ. ಬಣ್ಣದ ಬಾತಿಗೆ ಮುಂಚೆ ಸುಟ್ಟರೆ ಆ ಮಣಿಗಳು ಜಾಸ್ತಿ ಬಣ್ಣ ಹೀರಿ ಕಪ್ಪು ಚುಕ್ಕೆಯಾಗಿ ಕಾಣ್ತವೆ, ಅದಕ್ಕೇ ಅಂಥ ಬಟ್ಟೆಯನ್ನ ಬಣ್ಣ ಹಾಕಿದ ಮೇಲೆ ಸುಡೋದು ವಾಡಿಕೆ.

ಇನ್ನು ಆ 4. ಸಂಖ್ಯೆಯ ಪಕ್ಕದಲ್ಲಿ ಯಾವ ಟೆಸ್ಟ್, ಎಷ್ಟು ಹೊತ್ತು ಅಂತ ಇರುತ್ತೆ, ಅದನ್ನ ಓದಿ. ಪಿಲ್ ಬಾಕ್ಸ್ ಟೆಸ್ಟಲ್ಲಿ ಬಟ್ಟೆಯನ್ನ ರಬ್ಬರಿನಂಥ ಕೊಳವೆಗೆ ತೊಡಿಸಿ, ಒಳಗೆ ಕಾರ್ಕ್ ಹಾಳೆ ಹಾಸಿದ ಡಬ್ಬಿಯಲ್ಲಿ ನಿಮಿಷಕ್ಕೆ 60 ಸುತ್ತಿನಂತೆ ಉರುಳಿಸ್ತಾರೆ. ಎರಡು ಗಂಟೆಗೆ 4 ಬಂದ ಬಟ್ಟೆ ನಾಲ್ಕು ಗಂಟೆಗೆ 3ಕ್ಕೆ ಇಳಿಯಬಹುದು. ಮಾರ್ಟಿಂಡೇಲ್‌ನಲ್ಲಿ ಬಟ್ಟೆಗೆ ಬಟ್ಟೆ ಉಜ್ಜುತ್ತಾರೆ, ಐಎಸ್‌ಒ 12945-2 ಪ್ರಕಾರ. ಅಲ್ಲಿ 500 ಉಜ್ಜಿಗೆ ಬಂದ 4ಕ್ಕೂ 2000 ಉಜ್ಜಿಗೆ ಬಂದ 4ಕ್ಕೂ ಅಜಗಜಾಂತರ. ಕಾಟನ್ ಆದರೆ ಜಾಸ್ತಿ ಉಜ್ಜಿದಾಗ ಉಂಡೆ ಉದುರಿ ಸಂಖ್ಯೆ ಸುಧಾರಿಸೋದೂ ಉಂಟು. ಪಾಲಿ-ಕಾಟನ್‌ನಲ್ಲಿ ಆ ಅದೃಷ್ಟ ಅಪರೂಪ, ಆದ್ದರಿಂದ ಚಿಕ್ಕ ಟೆಸ್ಟ್ ಮೋಸ ಮಾಡುತ್ತೆ. ಇನ್ನೊಂದು, ಆ 4 ಯಾವ ಬಟ್ಟೆಯದು, ಸ್ಯಾಂಪಲ್ಲಿನದೋ ನಿಮಗೆ ಬಂದ ರೋಲಿನದೋ?

ಆರ್ಡರ್ ಕೊಡುವಾಗ ಹೀಗೆ ಬರೆದುಕೊಡಿ: ಲೋ-ಪಿಲ್ ಪಾಲಿಯೆಸ್ಟರ್, ವೋರ್ಟೆಕ್ಸ್ ನೂಲು, ಬಲ್ಕ್ ರೋಲಿಂದ ಕತ್ತರಿಸಿ, ಐದು ಸಲ ಒಗೆದ ಮೇಲೆ, ಮಾರ್ಟಿಂಡೇಲ್ 2000 ಉಜ್ಜಿಗೆ ಕನಿಷ್ಠ 3-4. ಇನ್ನೂರು ಪೀಸಿನ ಆರ್ಡರಿಗೆ ನೂಲು ಬದಲಿಸಲ್ಲ ಅಂದರೆ ಟೆಸ್ಟ್ ಮಾತಾದರೂ ಬಿಡಬೇಡಿ, ಇಲ್ಲವಾದರೆ ಕಾಟನ್‌ಗೇ ವಾಪಸ್ ಹೋಗಿ.

ಈಗಿರೋ ಶರ್ಟುಗಳ ಉಂಡೆಯನ್ನ ಕೈಯಿಂದ ಕೀಳಬೇಡಿ, ಕಿತ್ತರೆ ಇನ್ನಷ್ಟು ಎಳೆ ಹೊರಗೆ ಬರುತ್ತೆ. ಬ್ಯಾಟರಿ ಶೇವರಲ್ಲಿ ಕತ್ತರಿಸಿ, ಒಳಮೈ ಹೊರಗೆ ಮಾಡಿ ಒಗೆಯಿರಿ, ಟವೆಲ್ ಜೊತೆ ಹಾಕಬೇಡಿ. ಬಟ್ಟೆಗೆ ಹಾಕೋ ಕಂಫರ್ಟ್ ಥರದ ಸಾಫ್ಟ್ನರ್ ನಿಲ್ಲಿಸಿ, ಯಾಕೆ ಅಂತ ಮೇಲೆ ಹೇಳಿದ್ದೀನಲ್ಲ.